ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು

ಯಾದಗಿರಿ ಕಡೆಯ ಒಂದು ತಾಂಡಾದ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಬಸ್ಸು ಕ್ರಾಸಿನ ತನಕ ಮಾತ್ರ. ಅಲ್ಲಿಂದ ಮೂರೂವರೆ ಕಿಲೋಮೀಟರು ನಡಿಗೆ, ಇಲ್ಲವೇ ಹಾಲಿನ ಬೈಕು ಸಿಕ್ಕರೆ ಅದರ ಹಿಂದೆ. ಜೂನ್ ತಿಂಗಳ ಮೊದಲ ಸೋಮವಾರ ಅದು. ಒಂದು ಮಳೆ ಬಿದ್ದು ಹೊಲದಲ್ಲೆಲ್ಲ ಹರಗುವ ಕೆಲಸ ನಡೆದಿತ್ತು. ಎರಡು ಕೋಣೆ, ಒಂದು ಅಡುಗೆ ಮನೆ, ಒಂದು ಬೇವಿನ ಮರ. ಶಾಲೆ ಎಂದರೆ ಇಷ್ಟೇ.

ಆ ಒಂದು ವಾರದ ಕಥೆಯನ್ನು ದಿನದ ಲೆಕ್ಕದಲ್ಲಿ ಇಲ್ಲಿ ಹೇಳುತ್ತೇನೆ. ಹೊಸದಾಗಿ ಸೇರುವ ಶಿಕ್ಷಕರಿಗೆ ಇದು ಉಪಯೋಗಕ್ಕೆ ಬರಬಹುದು. ಮಕ್ಕಳನ್ನು ಶಾಲೆಗೆ ಕಳಿಸಿ ಕೂತ ತಂದೆತಾಯಿಗೂ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಲಿ.

ಸೋಮವಾರ ಚಾರ್ಜ್ ತೆಗೆದುಕೊಳ್ಳುವ ದಿನ. ಬಿಇಒ ಕಚೇರಿಯಲ್ಲಿ ಹಾಜರಾತಿ ವರದಿ ಕೊಟ್ಟು ಬಂದ ಮೇಲೆ, ಶಾಲೆಯಲ್ಲಿ ಅಲ್ಲಿಯವರೆಗೆ ಇದ್ದವರಿಂದ ಪ್ರಭಾರ ವಹಿಸಿಕೊಳ್ಳಬೇಕು. ಅವರು ಪಕ್ಕದೂರಿನ ಶಾಲೆಯಿಂದ ನಿಯೋಜನೆಯ ಮೇಲೆ ಬರುತ್ತಿದ್ದ ಹಿರಿಯ ಗುರುಗಳು. ಮರುದಿನವೇ ತಮ್ಮ ಶಾಲೆಗೆ ಮರಳಬೇಕಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಅಲ್ಲಿ ಎರಡನೇ ಹುದ್ದೆ ಖಾಲಿ. ಹಾಗಾಗಿ ಒಂದರಿಂದ ಐದನೇ ತರಗತಿಯವರೆಗೆ ನಾನೊಬ್ಬಳೇ.

ಗುರುಗಳು ಬೀರು ತೆಗೆದು ಒಂದೊಂದೇ ವಹಿ ಮೇಜಿನ ಮೇಲಿಟ್ಟರು. ದಾಖಲಾತಿ ವಹಿ, ಹಾಜರಾತಿ ಪುಸ್ತಕ, ವರ್ಗಾವಣೆ ಪತ್ರದ ಪುಸ್ತಕ, ನಗದು ಪುಸ್ತಕ, ಅಕ್ಷರ ದಾಸೋಹದ ದಾಸ್ತಾನು ವಹಿ. ಕುರ್ಚಿ ಎಷ್ಟು, ಜಮಖಾನೆ ಎಷ್ಟು, ಹಾಲಿನ ಪುಡಿಯ ಪಾಕೀಟು ಎಷ್ಟು ಎಂದು ಎಣಿಸಿದೆವು. ಅಕ್ಕಿಯ ಹತ್ತಿರ ಬಂದಾಗ ಅವರೇ ನನ್ನ ಕೈ ತಡೆದರು.

"ಮೇಡಂ, ಚೀಲ ಎಣಿಸಿ ಸಹಿ ಹಾಕಬ್ಯಾಡ್ರಿ. ತೂಕ ಮಾಡ್ರಿ. ಐವತ್ತು ಕೆಜಿ ಅಂತ ಬರದಿರ್ತದ, ಒಳಗ ಅಷ್ಟು ಇರೂದಿಲ್ಲ. ಇಲಿ ತಿಂದಿರ್ತದ, ಚೀಲ ಹರದು ಸೋರಿರ್ತದ. ನಾಳಿ ಲೆಕ್ಕ ಕೇಳೂದು ನಿಮಗ."

ತೂಕದ ಕಾಟಾ ತಂದು ಅಳೆದೆವು. ವಹಿಯಲ್ಲಿ 140 ಕೆಜಿ ಇತ್ತು, ಕಾಟಾದಲ್ಲಿ 131. ಇದ್ದದ್ದನ್ನು ಇದ್ದ ಹಾಗೆ ಬರೆದು ಇಬ್ಬರೂ ಸಹಿ ಹಾಕಿದೆವು. ಇದು ಸಣ್ಣ ವಿಷಯ ಎನ್ನಿಸಬಹುದು. ಆದರೆ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿ ಎಂದು ನಿಗದಿ. ಒಂಬತ್ತು ಕೆಜಿ ಎಂದರೆ ತೊಂಬತ್ತು ಊಟ. ಆ ತೊಂಬತ್ತು ಊಟದ ಲೆಕ್ಕ ಹೊಸದಾಗಿ ಬಂದವಳ ಕೊರಳಿಗೆ ಬೀಳದಂತೆ ಆ ಹಿರಿಯರು ನೋಡಿಕೊಂಡರು. ಅದನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಸಂಜೆ ಬೀಗದ ಕೈ ಕೊಟ್ಟು ಅವರು ಹೊರಟರು. ದಾಖಲಾತಿಯಲ್ಲಿ 31 ಮಕ್ಕಳು. ಅಂದು ಬಂದವರು 14. ಮಕ್ಕಳ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ಛಲೋ ಹುಡುಗ್ರು ಅದಾವ್ರಿ, ಮಾತು ಸ್ವಲ್ಪ ಕಡಿಮಿ."

ಮಾತು ಯಾಕೆ ಕಡಿಮೆ ಎಂಬುದು ಮಂಗಳವಾರ ಗೊತ್ತಾಯಿತು.

ಅಂದು 17 ಮಕ್ಕಳು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿ.ಇಡಿ. ಪಾಠ ಯೋಜನೆಯಲ್ಲಿ ಕಲಿತ ಹಾಗೆ ಪೀಠಿಕೆ ಹಾಕಿ, ಚಿತ್ರ ತೋರಿಸಿ, ಪ್ರಶ್ನೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾಚಿಕೆ ಇರಬೇಕು ಅಂದುಕೊಂಡು ಲೆಕ್ಕಕ್ಕೆ ಬಂದೆ. ಸುಣ್ಣದ ಕಡ್ಡಿ ಎತ್ತಿ ಹಿಡಿದು "ಇವು ಎಷ್ಟು?" ಎಂದು ಕೇಳಿದೆ. ಮುಂದಿನ ಸಾಲಿನಲ್ಲಿ, ಆ ವರ್ಷವೇ ಒಂದನೇ ತರಗತಿಗೆ ಸೇರಿದ ಒಬ್ಬ ಹುಡುಗ "ಯಾಡಿ" ಅಂದ. ನನಗೆ ಖುಷಿಯಾಯಿತು. ನಾನು ರಾಯಚೂರಿನವಳು. ನಮ್ಮ ಕಡೆ ಎರಡಕ್ಕೆ 'ಯಾಡ' ಅನ್ನುತ್ತೇವೆ. "ಹೌದಪ್ಪ, ಯಾಡ! ಇನ್ನೊಮ್ಮೆ ಹೇಳು" ಎಂದು ಎರಡು ಕಡ್ಡಿಯನ್ನು ಅವನ ಮುಖದ ಹತ್ತಿರ ಹಿಡಿದೆ. ಹುಡುಗ "ಯಾಡಿ, ಯಾಡಿ" ಎನ್ನುತ್ತಲೇ ತುಟಿ ಚಾಚಿ ಅಳತೊಡಗಿದ. ನಾನು ಮೂರನೇ ಕಡ್ಡಿ ಎತ್ತಿದೆ. ಅವನು ಬಿಕ್ಕಿದ.

ಆಗ ಹಿಂದಿನಿಂದ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕೋರ, ಅಂವ ಲೆಕ್ಕ ಹೇಳಾಕತ್ತಿಲ್ರಿ. ಯಾಡಿ ಅಂದ್ರ ನಮ್ಮ ಮಾತಿನಾಗ ಅವ್ವ. ಅವಗ ಅವ್ವ ಬೇಕಂತ್ರಿ."

ನಾನು ಕಡ್ಡಿ ಕೆಳಗಿಟ್ಟೆ. ಮಗು ಅವ್ವನನ್ನು ಕರೆಯುತ್ತಿದ್ದಾಗ ನಾನು ಎರಡರ ಪಾಠ ಮಾಡುತ್ತಿದ್ದೆ.

ತಾಂಡಾದ ಮನೆಗಳಲ್ಲಿ ಆಡುವುದು ಲಂಬಾಣಿ ಭಾಷೆ. ಅವರು ಅದನ್ನು ಗೋರ್ ಬೋಲಿ ಅನ್ನುತ್ತಾರೆ. ಅದು ಕನ್ನಡದ ಬಳಗದ್ದಲ್ಲ, ರಾಜಸ್ಥಾನದ ಕಡೆಯ ಭಾಷೆಗಳ ಬಳಗದ್ದು. ಆರು ವರ್ಷದ ಮಗು ಶಾಲೆಗೆ ಬರುವಾಗ ಅದರ ಕಿವಿಗೆ ಕನ್ನಡ ಬಿದ್ದಿರುವುದು ಸಂತೆಯಲ್ಲಿ, ಬಸ್ಸಿನಲ್ಲಿ, ಟಿವಿಯಲ್ಲಿ. 'ಮಾತು ಕಡಿಮೆ' ಎಂದು ನಾವು ಅಂದುಕೊಂಡ ಮಕ್ಕಳು ಶಾಲೆಯ ಗೇಟು ದಾಟಿದರೆ ಗಿಣಿಗಳ ಹಾಗೆ ಮಾತಾಡುತ್ತಿದ್ದವು. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ತಾಂಡಾದಲ್ಲಿ ಆ ಮಾತಿಗೆ ಏನರ್ಥ ಎಂದು ನನಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಆ ಐದನೇ ತರಗತಿಯ ಹುಡುಗಿಯನ್ನೂ ಅಡುಗೆಯ ಅಕ್ಕನನ್ನೂ ಕೂರಿಸಿಕೊಂಡು ಹಳೆಯ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಮಾತು ಬರೆದುಕೊಂಡೆ. ಯಾಡಿ ಅಂದರೆ ಅವ್ವ, ಬಾಟಿ ಅಂದರೆ ರೊಟ್ಟಿ, ಪಾಣಿ ಅಂದರೆ ನೀರು. ಉಳಿದವು ಹೊಟ್ಟೆ ನೋವು, ಹೊರಗೆ ಹೋಗಬೇಕು, ಹೆದರಿಕೆ ಆಗುತ್ತದೆ ಎಂಬಂಥ ಮಾತುಗಳು. ಆರು ವರ್ಷದ ಮಗು ಶಿಕ್ಷಕರಿಗೆ ಮೊದಲ ವಾರ ಹೇಳಬೇಕಾಗಿ ಬರುವುದು ಹೆಚ್ಚಾಗಿ ಇವನ್ನೇ.

ಬುಧವಾರ ಪಾಠ ಮಾಡಲಿಲ್ಲ. ಯಾರಿಗೆ ಏನು ಓದಲು ಬರುತ್ತದೆ ಎಂದು ನೋಡುವುದಕ್ಕೆ ಇಡೀ ಬೆಳಗು ಕೊಟ್ಟೆ. ವಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಆದ್ದರಿಂದ ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುತ್ತ ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಒಂದು ಸರಳ ಓದಿನ ಹಾಳೆ ಇದೆ. ಅದರ ಕ್ರಮ ನನಗೆ ಗೊತ್ತಿತ್ತು. ಅದೇ ರೀತಿಯಲ್ಲಿ ನಾನೇ ನಾಲ್ಕು ಹಾಳೆ ಬರೆದುಕೊಂಡೆ. ಒಂದರಲ್ಲಿ ಹತ್ತು ಬಿಡಿ ಅಕ್ಷರ. ಇನ್ನೊಂದರಲ್ಲಿ ಎರಡು ಮೂರು ಅಕ್ಷರದ ಹತ್ತು ಪದ. ಮೂರನೆಯದರಲ್ಲಿ ನಾಲ್ಕು ಸಣ್ಣ ವಾಕ್ಯ, ಒಂದನೇ ತರಗತಿಯ ಮಟ್ಟದ್ದು. ನಾಲ್ಕನೆಯದರಲ್ಲಿ ಎಂಟು ಹತ್ತು ವಾಕ್ಯದ ಪುಟ್ಟ ಕಥೆ, ಎರಡನೇ ತರಗತಿಯ ಮಟ್ಟದ್ದು. ಅಕ್ಷರ ದೊಡ್ಡದಾಗಿ, ಸಾಲಿನ ನಡುವೆ ಜಾಗ ಬಿಟ್ಟು.

ಬೇವಿನ ಮರದ ಕೆಳಗೆ ಚಾಪೆ ಹಾಸಿ ಒಬ್ಬೊಬ್ಬರನ್ನೇ ಕರೆದೆ. ಒಬ್ಬ ಓದುವಾಗ ಇನ್ನೊಬ್ಬರು ಹತ್ತಿರ ಇರಬಾರದು. ಇದ್ದರೆ ಕೇಳಿಸಿಕೊಂಡು ತಾವೂ ಹಾಗೆಯೇ ಹೇಳಿಬಿಡುತ್ತಾರೆ. ಮೊದಲು ನಾಲ್ಕು ವಾಕ್ಯದ ಹಾಳೆ ಕೊಡುವುದು. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಪದ ಪದ ತಡವರಿಸದೆ ಓದಿದರೆ ಕಥೆಯ ಹಾಳೆ. ಆಗಲಿಲ್ಲ ಎಂದರೆ ಪದದ ಹಾಳೆ, ಬೇಕಾದ ಯಾವುದಾದರೂ ಐದು ಪದ. ಅದರಲ್ಲಿ ನಾಲ್ಕು ಬಂದರೆ ಆ ಮಗು ಪದದ ಮಟ್ಟದಲ್ಲಿದೆ. ಅದೂ ಆಗದಿದ್ದರೆ ಐದು ಅಕ್ಷರ. ನಾಲ್ಕು ಬಂದರೆ ಅಕ್ಷರದ ಮಟ್ಟ. ಒಬ್ಬರಿಗೆ ಐದು ನಿಮಿಷ ಸಾಕು ಅಂದುಕೊಂಡಿದ್ದೆ. ಹಿಡಿದದ್ದು ಎಂಟು, ಹತ್ತು ನಿಮಿಷ. ನಾಚಿಕೊಂಡ ಮಗು ಹಾಳೆ ನೋಡುವುದಕ್ಕೇ ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಆ ಎರಡು ನಿಮಿಷ ಕೊಡಬೇಕು.

ಅಂದು 19 ಮಕ್ಕಳು ಬಂದಿದ್ದರು. ಒಂದನೇ ತರಗತಿಯ ನಾಲ್ವರನ್ನು ಬಿಟ್ಟು ಹದಿನೈದು ಮಂದಿಯನ್ನು ಓದಿಸಿದೆ. ಮೂವರಿಗೆ ಅಕ್ಷರ ಗುರುತಿಲ್ಲ. ಐವರಿಗೆ ಬಿಡಿ ಅಕ್ಷರ ಮಾತ್ರ. ನಾಲ್ವರು ಪದದವರೆಗೆ. ಇಬ್ಬರು ನಾಲ್ಕು ವಾಕ್ಯ ಓದಿದರು. ಕಥೆ ಓದಿದವಳು ಒಬ್ಬಳೇ, ಅದೂ ಮೂರನೇ ತರಗತಿಯವಳು. ಐದನೇ ತರಗತಿಯ ಒಬ್ಬ ಹುಡುಗ ಬಿಡಿ ಅಕ್ಷರದಲ್ಲೇ ನಿಂತಿದ್ದ. ಹಾಜರಾತಿ ಪುಸ್ತಕದ ತರಗತಿ ಒಂದು ಕಡೆ, ಮಗುವಿನ ಓದು ಇನ್ನೊಂದು ಕಡೆ.

ಇದರಲ್ಲಿ ಮೋಸ ಹೋಗುವ ಜಾಗ ಒಂದಿದೆ. ನಾಲ್ಕನೇ ತರಗತಿಯ ಹುಡುಗನೊಬ್ಬ ನನ್ನ ಹಾಳೆಗೆ ಮೊದಲು ತನ್ನ ಪಠ್ಯಪುಸ್ತಕವನ್ನೇ ತಂದು, "ಇದನ್ನ ಓದ್ತೀನ್ರಿ" ಅಂದ. ಮೊದಲ ಪಾಠದ ಒಂದು ಪುಟ ತಡೆಯಿಲ್ಲದೆ, ರಾಗವಾಗಿ ಓದಿದ. ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ಶಭಾಷ್ ಅನ್ನಬೇಕು, ಅಷ್ಟರಲ್ಲಿ ಅವನ ಬೆರಳು ನೋಡಿದೆ. ಬಾಯಿ ಐದನೇ ಸಾಲಿನಲ್ಲಿತ್ತು, ಬೆರಳು ಏಳನೇ ಸಾಲಿನಲ್ಲಿತ್ತು. ಪುಟದ ಮೇಲೆ ಕೈ ಮುಚ್ಚಿ, ನಡುವಿನ ಒಂದು ಪದ ಮಾತ್ರ ಕಾಣುವ ಹಾಗೆ ಬೆರಳು ಸರಿಸಿ "ಇದೇನು?" ಎಂದೆ. ಅವನು ಮೊದಲ ಸಾಲಿನಿಂದ ಬಾಯಲ್ಲೇ ಹೇಳುತ್ತ ಬಂದು ಆ ಪದವನ್ನು ಹುಡುಕಲು ಹೊರಟ. ಆ ಹುಡುಗ ಮೂರು ವರ್ಷ ತರಗತಿಯ ಜೊತೆ ಕೂಗಿ ಕೂಗಿ ಇಡೀ ಪುಸ್ತಕವನ್ನು ಕಿವಿಯಿಂದ ಕಲಿತಿದ್ದ. ಅವನ ನೆನಪು ಅಪಾರ. ಆದರೆ ಅಕ್ಷರ ಅವನಿಗೆ ಸಿಕ್ಕಿರಲಿಲ್ಲ. ಸಾಮೂಹಿಕವಾಗಿ ಓದಿಸುವ ತರಗತಿಯಲ್ಲಿ ಇಂಥ ಮಗು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಹೊಸ ಹಾಳೆ ಬೇಕು, ಮಗು ಹಿಂದೆ ಕಂಡಿರದ ವಾಕ್ಯ ಬೇಕು. ಮನೆಯಲ್ಲಿ ತಂದೆತಾಯಿಯೂ ಹೀಗೆ ನೋಡಬಹುದು. ಪಾಠದ ನಡುವಿನ ಒಂದು ಪದ ತೋರಿಸಿ ಕೇಳಿ, ಸಾಲನ್ನು ಕೊನೆಯಿಂದ ಹಿಂದಕ್ಕೆ ಓದಿಸಿ. ನಿಮಿಷದಲ್ಲಿ ಗೊತ್ತಾಗುತ್ತದೆ.

ಗುರುವಾರ ನಲಿ-ಕಲಿ ಕೋಣೆಯನ್ನು ಎಬ್ಬಿಸಿ ನಿಲ್ಲಿಸುವ ಕೆಲಸ.

ನಲಿ-ಕಲಿ ಎಂಬ ಹೆಸರು ಕೇಳಿದವರು ಬಹಳ, ಒಳಗೆ ಹೋಗಿ ನೋಡಿದವರು ಕಡಿಮೆ. ಒಬ್ಬ ಶಿಕ್ಷಕ ಹಲವು ತರಗತಿ ನೋಡಬೇಕಾದ ಸಣ್ಣ ಶಾಲೆಗಳಿಗಾಗಿಯೇ ಹುಟ್ಟಿದ ಪದ್ಧತಿ ಇದು. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವುದನ್ನು ನೋಡಿ ಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲಾಗಿ ಕತ್ತರಿಸಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು ಮಾಡಲಾಗಿದೆ. ಕಾರ್ಡಿನ ಮೂಲೆಯಲ್ಲಿ ಒಂದು ಚಿತ್ರದ ಗುರುತು. ಆ ಗುರುತುಗಳನ್ನೆಲ್ಲ ಕ್ರಮವಾಗಿ ಬರೆದ ಕಲಿಕಾ ಏಣಿ ಗೋಡೆಯ ಮೇಲೆ ತೂಗುತ್ತಿರುತ್ತದೆ. ಮಗು ಏಣಿ ನೋಡಿ ತನ್ನ ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ.

ಮಕ್ಕಳು ಕೂರುವ ಗುಂಪುಗಳಿಗೆ 'ತಟ್ಟೆ' ಎನ್ನುತ್ತಾರೆ. ಐದು ತಟ್ಟೆ. ಹೊಸದನ್ನು ಕಲಿಯುವ ಮಗು ಶಿಕ್ಷಕರ ಪೂರ್ಣ ನೆರವಿನ ತಟ್ಟೆಯಲ್ಲಿ ಕೂರುತ್ತದೆ. ಸ್ವಲ್ಪ ಬಂದ ಮೇಲೆ ಭಾಗಶಃ ನೆರವಿನ ತಟ್ಟೆ. ಆಮೇಲೆ ಜೊತೆಯ ಮಕ್ಕಳ ನೆರವಿನ ಎರಡು ತಟ್ಟೆ. ಕೊನೆಗೆ ತಾನೇ ಕಲಿಯುವ ತಟ್ಟೆ. ಇದರಿಂದ ಏನಾಗುತ್ತದೆ ಎಂದರೆ, ಹತ್ತೊಂಬತ್ತು ಮಕ್ಕಳಿದ್ದರೂ ಶಿಕ್ಷಕಿ ಪೂರ್ತಿ ಗಮನ ಕೊಡಬೇಕಾದವರು ಆ ಹೊತ್ತಿಗೆ ನಾಲ್ಕೈದು ಮಂದಿ ಮಾತ್ರ. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಡುತ್ತಲೋ ಗೋಡೆಯ ಕೆಳಗಿನ ಕಪ್ಪು ಹಲಗೆಯಲ್ಲಿ ಬರೆಯುತ್ತಲೋ ಇರುತ್ತಾರೆ. ಒಬ್ಬಳೇ ಶಿಕ್ಷಕಿಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಇಲ್ಲಿ ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಎಂದು ವರ್ಣಮಾಲೆಯಿಂದ ಶುರುವಾಗುವುದಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದಕ್ಷರದಿಂದ ಶುರು. ಆಮೇಲೆ ಜ, ವ, ಮ, ಬ, ನ. ಐದೇ ಅಕ್ಷರ ಬಂದರೂ ಮಗು ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಓದಬಹುದು. ನಲವತ್ತೊಂಬತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಎರಡನೇ ವಾರಕ್ಕೇ ಪದ ಓದುವ ಖುಷಿ ಅದಕ್ಕೆ ಸಿಗುತ್ತದೆ.

ಆದರೆ ನನ್ನ ಕೋಣೆಯಲ್ಲಿ ಈ ಪದ್ಧತಿ ಎರಡು ಕಡೆ ಎಡವಿತ್ತು. ಮೊದಲನೆಯದು ಕಾರ್ಡು. ಪೆಟ್ಟಿಗೆ ತೆಗೆದು ಏಣಿಯ ಜೊತೆ ಹೋಲಿಸಿ ಜೋಡಿಸಿದರೆ ನಡುನಡುವೆ ಹದಿನಾಲ್ಕು ಕಾರ್ಡು ಇರಲಿಲ್ಲ. ಒಂದು ಕಾರ್ಡು ಇಲ್ಲ ಎಂದರೆ ಆ ಮೆಟ್ಟಿಲಿಗೆ ಬಂದ ಮಗು ಅಲ್ಲೇ ನಿಲ್ಲುತ್ತದೆ, ಇಲ್ಲವೇ ಕಲಿಯದೆ ಜಿಗಿಯುತ್ತದೆ. ಎರಡೂ ಕೆಟ್ಟದ್ದು. ಹಳೆಯ ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಆ ಹದಿನಾಲ್ಕನ್ನೂ ಬರೆದೆ. ರಾತ್ರಿ ಹನ್ನೊಂದಾಯಿತು.

ಎರಡನೆಯದು ಕಾರ್ಡಿನಿಂದ ಸರಿಹೋಗುವಂಥದ್ದಾಗಿರಲಿಲ್ಲ. ಎರಡನೇ ತರಗತಿಯ ಹುಡುಗಿಯೊಬ್ಬಳು ಅ, ಗ, ಸ ಎಂದು ಒಂದೊಂದೇ ಹೇಳಿ, ಕೂಡಿಸಿ, "ಅಗಸ" ಎಂದು ಸರಿಯಾಗಿ ಓದಿದಳು. "ಅಗಸ ಅಂದ್ರ ಯಾರು?" ಎಂದೆ. ನನ್ನ ಮುಖ ನೋಡಿದಳು. ಕನ್ನಡ ಮನೆಯ ಮಗುವಿಗೆ ಪದ ಓದಿದ ಕೂಡಲೇ ಅರ್ಥ ತಾನಾಗಿ ಮೂಡುತ್ತದೆ, ಓದಿದ್ದು ಸರಿಯೋ ತಪ್ಪೋ ಎಂದು ಆ ಅರ್ಥವೇ ಹೇಳಿಕೊಡುತ್ತದೆ. ತಾಂಡಾದ ಮಗುವಿಗೆ ಆ ಸಹಾಯ ಇಲ್ಲ. ಅಗಸ ಎಂದರೂ ಒಂದೇ, ಗಸಅ ಎಂದರೂ ಒಂದೇ. ಓದು ಅವಳಿಗೆ ಬರಿಯ ಸದ್ದು.

ಅದಕ್ಕೇ ಓದಿಗೆ ಮೊದಲು ಮಾತು ಬೇಕೆಂದು ತೀರ್ಮಾನಿಸಿದೆ. ಬೆಳಗಿನ ಹಾಲಿನ ಹೊತ್ತನ್ನು ಅದಕ್ಕೆ ಇಟ್ಟುಕೊಂಡೆ. ಕ್ಷೀರಭಾಗ್ಯದ ಹಾಲು ಕುಡಿಯುತ್ತ ಎಲ್ಲರೂ ಸುತ್ತ ಕೂತು ಒಂದೇ ವಸ್ತುವಿನ ಬಗ್ಗೆ ಮಾತಾಡುವುದು, ಮೊದಲು ಅವರ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ. ಅಂದು ಲೋಟ. ಮರುದಿನ ಆಡು. ಲಂಬಾಣಿಗೆ ರೂಢಿಯಲ್ಲಿರುವ ಸ್ವಂತ ಲಿಪಿ ಇಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಅದು ನನಗೆ ವರವಾಯಿತು. ಗೋಡೆಯ ಹಲಗೆಯ ಒಂದು ಬದಿ 'ಯಾಡಿ', ಎದುರಿಗೆ 'ಅವ್ವ'. ಒಂದು ಬದಿ 'ಬಾಟಿ', ಎದುರಿಗೆ 'ರೊಟ್ಟಿ'. ಕಲಿಯುತ್ತಿರುವ ಅಕ್ಷರ ಒಂದೇ, ಮಾತು ಎರಡು. ತನ್ನ ಮನೆಯ ಮಾತು ಗೋಡೆಯ ಮೇಲೆ ಬರೆದದ್ದನ್ನು ನೋಡಿ ಮೊನ್ನೆ ಅತ್ತಿದ್ದ ಆ ಹುಡುಗ ಹತ್ತಿರ ಬಂದು 'ಯಾಡಿ' ಎಂಬ ಪದದ ಮೇಲೆ ಅಂಗೈ ಇಟ್ಟ. ಓದಿದ ಎನ್ನಲಾರೆ. ಅದು ಯಾವ ಪದ ಎಂದು ಅಕ್ಕ ಹೇಳಿದ್ದಳು, ಅವನಿಗೆ ಗೊತ್ತಿತ್ತು, ಅಷ್ಟೇ.

ನಾಲ್ಕು ಮತ್ತು ಐದನೇ ತರಗತಿಗೆ ನಲಿ-ಕಲಿ ಇಲ್ಲ, ಪಠ್ಯಪುಸ್ತಕ. ಅವರಲ್ಲಿ ಓದು ಬರದವರನ್ನು ದಿನಕ್ಕೆ ಒಂದು ಗಂಟೆ ಕಾರ್ಡಿನ ಕೋಣೆಗೆ ಕರೆದೆ. ಐದನೇ ತರಗತಿಯ ಆ ಹುಡುಗ ಸಣ್ಣವರ ಜೊತೆ ಕೂರಲು ಒಪ್ಪಲಿಲ್ಲ. ಮೀಸೆ ಚಿಗುರುವ ವಯಸ್ಸಲ್ಲದಿದ್ದರೂ ಮಾನ ಇರುವ ವಯಸ್ಸು. ಹಾಗಾಗಿ ಕಾರ್ಡು ಜೋಡಿಸಿ ಕೊಡುವ ಜವಾಬ್ದಾರಿ ಅವನಿಗೆ ಕೊಟ್ಟೆ. ಗುರುತು ನೋಡಿ ಕಾರ್ಡು ಕೊಡುವವನು ಕಾರ್ಡಿನ ಮೇಲಿನ ಅಕ್ಷರವನ್ನೂ ನೋಡಲೇಬೇಕು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ತಾಂಡಾದೊಳಗೆ ಹೊರಟೆ. 31ರಲ್ಲಿ 12 ಮಕ್ಕಳ ಮುಖ ನಾನು ನೋಡಿಯೇ ಇರಲಿಲ್ಲ. ಮನೆಗೆ ಹೋಗುವುದಾದರೆ ಏಳರೊಳಗೆ ಹೋಗಬೇಕು, ಇಲ್ಲವೇ ಸಂಜೆ ಆರರ ಮೇಲೆ. ನಡುವೆ ಹೋದರೆ ಬಾಗಿಲಿಗೆ ಚಿಲಕ.

ಹನ್ನೆರಡರಲ್ಲಿ ನಾಲ್ವರು ಅಪ್ಪ ಅವ್ವನ ಜೊತೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮೂವರು ಬೇರೆ ಊರಿನ ಶಾಲೆಗೆ ಸೇರಿ ವರ್ಷವಾಗಿತ್ತು, ವರ್ಗಾವಣೆ ಪತ್ರ ತೆಗೆದುಕೊಂಡು ಹೋಗದ ಕಾರಣ ಹೆಸರು ಇಲ್ಲೇ ಉಳಿದಿತ್ತು. ನಾಲ್ವರು ಬಿತ್ತನೆಗೆ, ಆಡು ಕಾಯಲಿಕ್ಕೆ ಹೋಗುತ್ತಿದ್ದರು. ಒಂದು ವಾರದಲ್ಲಿ ಬರುತ್ತಾರೆ ಎಂದು ಮನೆಯವರು ಹೇಳಿದರು. ಹಾಜರಾತಿ ಪುಸ್ತಕದಲ್ಲಿ ಈ ಮೂರು ಬಗೆಯವರಿಗೂ ಒಂದೇ ಗುರುತು: ಗೈರು. ಆದರೆ ಮಾಡಬೇಕಾದ ಕೆಲಸ ಮೂರೂ ಬೇರೆ. ಬೇರೆ ಶಾಲೆಯಲ್ಲಿದ್ದವರಿಗೆ ಕಾಗದ ಕಳಿಸಬೇಕು. ಬಿತ್ತನೆಗೆ ಹೋದವರಿಗೆ ಒಂದು ವಾರ ಕಾಯಬೇಕು. ಪುಣೆಗೆ ಹೋದವರ ಅಜ್ಜ ಅಜ್ಜಿಯನ್ನು ಕಂಡು, ಯಾವ ತಿಂಗಳು ಮರಳುತ್ತಾರೆ, ಮುಂದಿನ ಸಲ ಮಗುವನ್ನು ಬಿಟ್ಟು ಹೋಗಲು ಆಗುತ್ತದೆಯೇ ಎಂದು ಮಾತಾಡಬೇಕು.

ಹನ್ನೆರಡನೆಯವಳು ಮೂರನೇ ತರಗತಿಯ ಹುಡುಗಿ. ಮನೆಯಲ್ಲೇ ಇದ್ದಳು. ಸೊಂಟದ ಮೇಲೆ ವರ್ಷದ ಕೂಸು.

"ಇಕಿ ಅವ್ವ ಹೊಲಕ್ಕ ಹೋಗ್ತಾಳ್ರಿ ಅಕ್ಕೋರ," ಅಂದಳು ಅಜ್ಜಿ. "ನನಗ ಕಣ್ಣು ಕಾಣೂದಿಲ್ಲ. ಕೂಸಿನ್ನ ಯಾರು ನೋಡ್ಕೋಬೇಕು?"

ಅಂಗನವಾಡಿಯಲ್ಲಿ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ವರ್ಷದ ಕೂಸಿಗೆ ಅಲ್ಲಿ ಜಾಗವಿಲ್ಲ. ಶಾಲೆಗೆ ಕಳಿಸಿ, ಓದು ಮುಖ್ಯ ಎಂದು ಅಜ್ಜಿಗೆ ಉಪದೇಶ ಮಾಡಿ ಬರಬಹುದಿತ್ತು. ಅವಳ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ. "ಕೂಸಿನ್ನೂ ಕರ್ಕೊಂಡು ಬರ್ಲಿ ಅಜ್ಜಿ" ಎಂದೆ. ಹೀಗೆ ಹೇಳಿದ್ದು ಸರಿಯೇ ಎಂದು ನನಗೆ ಪೂರ್ತಿ ಧೈರ್ಯವಿರಲಿಲ್ಲ. ಒಂದು ಕೂಸು ತರಗತಿಯ ಗಮನವನ್ನೆಲ್ಲ ಕಸಿಯಬಲ್ಲದು. ಆದರೂ ಹುಡುಗಿ ವರ್ಷವೆಲ್ಲ ಮನೆಯಲ್ಲಿ ಕೂರುವುದಕ್ಕಿಂತ ಅದು ಮೇಲು ಎಂಬುದು ಅಂದಿಗೂ ಇಂದಿಗೂ ನನ್ನ ಅಭಿಪ್ರಾಯ.

ಶನಿವಾರ ಮುಂಜಾನೆಯ ಶಾಲೆ. 20 ಮಕ್ಕಳು, ಜೊತೆಗೆ ಜಮಖಾನೆಯ ಮೇಲೆ ಮಲಗಿದ ಒಂದು ಕೂಸು. ಹನ್ನೊಂದೂವರೆಗೆ ಮಕ್ಕಳನ್ನು ಬಿಟ್ಟು, ಚಾರ್ಜ್ ಪಟ್ಟಿಯನ್ನು ತೆಗೆದು ಮತ್ತೊಮ್ಮೆ ಓದಿದೆ. ಅದರಲ್ಲಿ ಅಕ್ಕಿ ಗ್ರಾಂ ಲೆಕ್ಕದಲ್ಲಿತ್ತು. ಮುರಿದ ಕುರ್ಚಿಯ ಕಾಲು ಕೂಡ ದಾಖಲಾಗಿತ್ತು. ಯಾವ ಮಗುವಿಗೆ ಎಲ್ಲಿಯವರೆಗೆ ಓದು ಬಂದಿದೆ, ಮನೆಯ ಮಾತು ಯಾವುದು, ಯಾರು ಯಾವ ತಿಂಗಳು ಊರು ಬಿಡುತ್ತಾರೆ, ಯಾರ ಸೊಂಟದ ಮೇಲೆ ಕೂಸಿದೆ ಎಂಬ ಒಂದು ಸಾಲೂ ಇರಲಿಲ್ಲ. ಹಾಗೆಂದು ಹಿರಿಯ ಗುರುಗಳಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಎಲ್ಲವೂ ಅವರಿಗೆ ಬಾಯಿಪಾಠ. ಆ ಪಟ್ಟಿಯ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಆದ್ದರಿಂದ ಐದು ದಿನ ಓಡಾಡಿ ನಾನು ಕಂಡುಕೊಂಡದ್ದು, ಅವರು ಒಂದು ಗಂಟೆಯಲ್ಲಿ ಹೇಳಿ ಮುಗಿಸಬಹುದಾಗಿದ್ದ ವಿಷಯ.

ಅಂದೇ ಒಂದು ಹಾಳೆಗೆ ಗೆರೆ ಹಾಕಿದೆ. ಹೆಸರು, ತರಗತಿ, ಓದಿನ ಮಟ್ಟ, ಲೆಕ್ಕದ ಮಟ್ಟ, ಮನೆಯ ಮಾತು, ಮನೆಯ ಸ್ಥಿತಿ. ಮಗುವಿಗೊಂದು ಸಾಲು. ಮೂರು ತಿಂಗಳಿಗೊಮ್ಮೆ ಅದೇ ನಾಲ್ಕು ಬಗೆಯ ಹಾಳೆಯಿಂದ, ವಾಕ್ಯ ಬದಲಿಸಿ, ಮತ್ತೆ ಓದಿಸಿ ತುಂಬುತ್ತ ಬಂದೆ. ಪುಸ್ತಕವನ್ನು ಕಿವಿಯಿಂದ ಕಲಿತಿದ್ದ ನಾಲ್ಕನೇ ತರಗತಿಯ ಹುಡುಗ ಡಿಸೆಂಬರಿನಲ್ಲಿ ನಾಲ್ಕು ವಾಕ್ಯದ ಹಾಳೆ ಓದಿದ. ಐದನೇ ತರಗತಿಯ ಹುಡುಗ ವರ್ಷದ ಕೊನೆಗೂ ಪದದಲ್ಲೇ ಇದ್ದ. ಆರನೇ ತರಗತಿಗೆ ಬೇರೆ ಊರಿಗೆ ಹೋಗುವಾಗ ಅವನ ವರ್ಗಾವಣೆ ಪತ್ರದ ಜೊತೆ ಅವನ ಸಾಲನ್ನು ನಕಲು ಮಾಡಿ ಪಿನ್ ಹಾಕಿ ಕಳಿಸಿದೆ.

ಆರು ವರ್ಷದ ಮೇಲೆ ನನಗೆ ವರ್ಗಾವಣೆಯಾಯಿತು. ಚಾರ್ಜ್ ತೆಗೆದುಕೊಳ್ಳಲು ಬಂದ ಹೊಸ ಶಿಕ್ಷಕನಿಗೆ ಅಕ್ಕಿ ತೂಕ ಮಾಡಿ ಕೊಟ್ಟ ಮೇಲೆ ಪಟ್ಟಿಯ ಕೊನೆಗೆ ಒಂದು ಕ್ರಮಸಂಖ್ಯೆ ನಾನೇ ಸೇರಿಸಿದೆ: ಮಕ್ಕಳ ಓದಿನ ಹಾಳೆ, ಪುಟ 2. ಅದಕ್ಕೂ ಇಬ್ಬರೂ ಸಹಿ ಹಾಕಿದೆವು.

ಈ ಜೂನ್‌ನಲ್ಲಿ ವರ್ಗಾವಣೆಯಾಗಿ ಹೊರಡುತ್ತಿರುವ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಬೀಗದ ಕೈ ಕೊಡುವ ಹಿಂದಿನ ದಿನ ಎರಡು ಗಂಟೆ ಕೂತು ಆ ಎರಡು ಪುಟ ಬರೆದು ಕೊಡಿ. ಇಲಾಖೆಯವರು ಚಾರ್ಜ್ ಪಟ್ಟಿಯ ನಮೂನೆಯಲ್ಲಿ ಅದಕ್ಕೊಂದು ಸಾಲು ಸೇರಿಸಲಿ.